ಮಾಕಪ್ ಚಿತ್ರವನ್ನು ಮಾತಿನಲ್ಲಿ ಬರೆಯುವುದು: ಹೊಸ ಲಾಂಛನ ವಿಸಿಟಿಂಗ್ ಕಾರ್ಡು ಮತ್ತು ಲೆಟರ್‌ಹೆಡ್ಡಿಗೆ ಬಂದ ಬಗೆ

ನಮ್ಮ ಸಂಸ್ಥೆ ಹೆಸರು ಬದಲಿಸಿಕೊಂಡು ಹೊಸ ಲಾಂಛನವನ್ನು ಒಪ್ಪಿಕೊಂಡ ಮೇಲೆ, ಅದು ವಿಸಿಟಿಂಗ್ ಕಾರ್ಡು ಮತ್ತು ಲೆಟರ್‌ಹೆಡ್ಡಿನ ಮೇಲೆ ಹೇಗಿರುತ್ತದೆ ಎಂಬುದನ್ನು ಆಡಳಿತ ಮಂಡಳಿಗೆ ವಿವರಿಸಿ, ಒಪ್ಪಿಗೆ ಪಡೆದು, ಮುದ್ರಣಕ್ಕೆ ಕಳುಹಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಮುದ್ರಣವಾದ ಪೆಟ್ಟಿಗೆಗಳು ಈಗಷ್ಟೇ ಕಚೇರಿಗೆ ಬಂದು ಸೇರಿವೆ. ಎಲ್ಲವೂ ನೆನಪಿನಲ್ಲಿ ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ. ಇದೇ ಕೆಲಸ ಕೈಗೆತ್ತಿಕೊಳ್ಳುವವರಿಗೆ ಮಾಕಪ್, ಅಂದರೆ ಮುದ್ರಣವಾದ ಮೇಲೆ ವಸ್ತು ಹೇಗೆ ಕಾಣುತ್ತದೆ ಎಂದು ಮೊದಲೇ ತೋರಿಸುವ ಚಿತ್ರದ ಎದುರು ಕುಳಿತಾಗ ಏನನ್ನು ಕೇಳಬೇಕು, ಏನನ್ನು ಬರೆಯಬೇಕು ಎಂಬುದು ಮೊದಲೇ ತಿಳಿದಿದ್ದರೆ ಬಹಳಷ್ಟು ಕಾಯುವಿಕೆ ಮತ್ತು ಖರ್ಚು ಉಳಿಯುತ್ತದೆ.

ವಿನ್ಯಾಸಕರಿಂದ ಮೊದಲು ಬಂದದ್ದು ಎರಡು ಚಿತ್ರಗಳು. ಒಂದರಲ್ಲಿ ಕಾರ್ಡುಗಳ ಸಣ್ಣ ಕಟ್ಟು ಕಲ್ಲಿನ ಮೇಲ್ಮೈಯ ಮೇಲೆ ಓರೆಯಾಗಿ ಕುಳಿತಿತ್ತು; ಅದಕ್ಕೆ ಒರಗಿದಂತೆ ಇನ್ನೊಂದು ಕಾರ್ಡು ತನ್ನ ಹಿಂಬದಿಯನ್ನು ತೋರಿಸುತ್ತಿತ್ತು. ಇನ್ನೊಂದರಲ್ಲಿ ಲೆಟರ್‌ಹೆಡ್ಡಿನ ಹಾಳೆ, ಪಕ್ಕದಲ್ಲಿ ಒಂದು ಪೆನ್ನು, ಕಿಟಕಿಯಿಂದ ಬಿದ್ದಂತಹ ನೆರಳು. ಚಿತ್ರಗಳು ಬಹಳ ಚೆನ್ನಾಗಿದ್ದವು. ಹಳೆಯ ಹೆಸರಿನ ಜೊತೆ ಹಲವು ವರ್ಷ ಕೆಲಸ ಮಾಡಿದ ನನಗೆ, ಹೊಸ ಹೆಸರು ಕಾಗದದ ಮೇಲೆ ಕುಳಿತದ್ದನ್ನು ನೋಡಿ ನಿಜಕ್ಕೂ ಸಂತೋಷವಾಯಿತು. ಅವುಗಳ ಕೆಳಗೆ ವಿನ್ಯಾಸಕರು ಬರೆದಿದ್ದ ಎರಡು ಸಾಲುಗಳಲ್ಲಿ 'ಸೊಗಸಾದ', 'ಸಮಕಾಲೀನ', 'ಗಾಂಭೀರ್ಯವುಳ್ಳ' ಎಂಬ ಮಾತುಗಳಿದ್ದವು.

ಅವನ್ನು ಹಾಗೆಯೇ ಮಂಡಳಿಗೆ ಕಳುಹಿಸಿದೆ. ಉಳಿದವರು ಚಿತ್ರ ಮೆಚ್ಚಿ ಉತ್ತರ ಬರೆದರು. ಆದರೆ ನಮ್ಮ ಮಂಡಳಿಯ ಹಿರಿಯ ಸದಸ್ಯೆಯೊಬ್ಬರಿಗೆ ದೃಷ್ಟಿಯಿಲ್ಲ. ಅವರು ಪತ್ರಗಳನ್ನು ಸ್ಕ್ರೀನ್ ರೀಡರ್ ಮೂಲಕ ಕೇಳಿಸಿಕೊಳ್ಳುತ್ತಾರೆ. ಅವರು ಫೋನು ಮಾಡಿ, "ಸೊಗಸಾಗಿದೆ ಎಂದು ಬರೆದಿದ್ದೀರಿ, ಸಂತೋಷ. ಆದರೆ ಕಾರ್ಡಿನ ಮೇಲೆ ಏನಿದೆ? ಎಲ್ಲಿದೆ? ಕೈಗೆ ಹೇಗಿರುತ್ತದೆ? ಅದು ತಿಳಿಯದೆ ನಾನು ಒಪ್ಪಿಗೆ ಹೇಗೆ ಕೊಡಲಿ?" ಎಂದು ಕೇಳಿದರು. "ಬರೆದು ಕಳುಹಿಸುತ್ತೇನೆ ಮೇಡಂ" ಎಂದು ಹೇಳಿ ಕುಳಿತೆ. ಒಂದು ಗಂಟೆಯ ಕೆಲಸ ಎಂದುಕೊಂಡಿದ್ದು ಕೆಲವು ವಾರಗಳ ಕೆಲಸವಾಯಿತು. ಆದರೆ ನಮ್ಮ ಮುದ್ರಣ ಸರಿಯಾಗಿ ಬಂದಿದ್ದರೆ ಅದಕ್ಕೆ ಆ ಪ್ರಶ್ನೆಗಳೇ ಕಾರಣ.

ಬರೆಯಲು ತೊಡಗಿದಾಗ ಮೊದಲ ವಾಕ್ಯದಲ್ಲೇ ತೊಡಕು ಎದುರಾಯಿತು. 'ಕಾರ್ಡಿನ ಅಂಚು ಕಿತ್ತಳೆ ಬಣ್ಣದ್ದು' ಎಂದು ಬರೆದೆ. ಚಿತ್ರದಲ್ಲಿ ಕಾರ್ಡುಗಳ ಕಟ್ಟಿನ ಬದಿಯುದ್ದಕ್ಕೂ ಕಿತ್ತಳೆ ಬಣ್ಣದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಮಂಡಳಿಯ ಮೂವರು ಅದನ್ನೇ ವಿಶೇಷವಾಗಿ ಮೆಚ್ಚಿದ್ದರು. ಆದರೆ ವಿನ್ಯಾಸಕರು ಕಳುಹಿಸಿದ್ದ ಚಪ್ಪಟೆ ವಿನ್ಯಾಸದ ಪಿಡಿಎಫ್‌ನಲ್ಲಿ ಅಂಚಿನ ಪ್ರಸ್ತಾಪವೇ ಇರಲಿಲ್ಲ. ಕೇಳಿದಾಗ ಅವರು ತಾಳ್ಮೆಯಿಂದ ವಿವರಿಸಿದರು. ಮಾಕಪ್ ಎಂಬುದು ಸಾಮಾನ್ಯವಾಗಿ ಮೊದಲೇ ಸಿದ್ಧವಿರುವ ಒಂದು ಫೋಟೋಶಾಪ್ ಕಡತ. ಅದರೊಳಗೆ 'ಸ್ಮಾರ್ಟ್ ಆಬ್ಜೆಕ್ಟ್' ಎಂಬ ಪದರವಿರುತ್ತದೆ. ನಮ್ಮ ಚಪ್ಪಟೆ ವಿನ್ಯಾಸವನ್ನು ಅಲ್ಲಿ ಇಟ್ಟರೆ ತಂತ್ರಾಂಶವೇ ಅದನ್ನು ಓರೆ ಮಾಡಿ, ಮೇಲೆ ನೆರಳು ಮತ್ತು ಹೊಳಪಿನ ಪದರಗಳನ್ನು ಹೊದಿಸುತ್ತದೆ. ಕಲ್ಲು, ಪೆನ್ನು, ಕಿಟಕಿಯ ನೆರಳು, ಕಟ್ಟಿನ ದಪ್ಪ, ಅಂಚಿನ ಬಣ್ಣ ಇವೆಲ್ಲ ಆ ಕಡತಕ್ಕೆ ಸೇರಿದವು. ನಮ್ಮ ಲಾಂಛನದಲ್ಲಿ ಕಿತ್ತಳೆ ಇದ್ದುದರಿಂದ ಅಂಚಿಗೂ ಅದೇ ಬಣ್ಣ ಕೊಟ್ಟಿದ್ದರು, ಅಷ್ಟೇ.

ಅಂಚಿಗೆ ಬಣ್ಣ ಹಚ್ಚುವುದು ಮುದ್ರಣದಲ್ಲಿ ನಿಜವಾಗಿಯೂ ಇರುವ ಕೆಲಸ. ಕತ್ತರಿಸಿದ ಕಾರ್ಡುಗಳನ್ನು ಒಟ್ಟಿಗೆ ಬಿಗಿದು, ಬದಿಗಳಿಗೆ ಬಣ್ಣ ಕೊಡುತ್ತಾರೆ. ಅದು ಎದ್ದು ಕಾಣಬೇಕಾದರೆ ಕಾರ್ಡು ಸಾಕಷ್ಟು ದಪ್ಪವಿರಬೇಕು. ಅನೇಕ ಬಾರಿ ಎರಡು ಹಾಳೆಗಳನ್ನು ಅಂಟಿಸಿ ದಪ್ಪ ಬರಿಸುತ್ತಾರೆ. ಮುದ್ರಣಾಲಯದಿಂದ ದರಪಟ್ಟಿ ತರಿಸಿ ನೋಡಿದರೆ, ಅಂಟಿಸಿದ ಹಾಳೆ ಮತ್ತು ಅಂಚಿನ ಬಣ್ಣ ಸೇರಿದಾಗ ಕಾರ್ಡಿನ ವೆಚ್ಚ ಸರಿಸುಮಾರು ಎರಡು ಪಟ್ಟಾಗುತ್ತಿತ್ತು. ಮಂಡಳಿಯವರು ಮೆಚ್ಚಿದ್ದನ್ನು ಬೇಡವೆನ್ನುವುದು ಸುಲಭವಾಗಿರಲಿಲ್ಲ. ಆದರೂ ವಿಷಯವನ್ನು ಹಾಗೆಯೇ ಬರೆದು ತಿಳಿಸಿದ್ದರಿಂದ ಅವರೇ ಅದನ್ನು ಕೈಬಿಟ್ಟರು.

ಅಲ್ಲಿಂದ ಮುಂದೆ ನಾನು ವಿವರಣೆಯನ್ನು ಎರಡು ಭಾಗ ಮಾಡಿಕೊಂಡೆ: ವಿನ್ಯಾಸಕ್ಕೆ ಸೇರಿದ್ದು ಒಂದು ಕಡೆ, ಚಿತ್ರಕ್ಕೆ ಮಾತ್ರ ಸೇರಿದ್ದು ಇನ್ನೊಂದು ಕಡೆ. ಚಿತ್ರದಲ್ಲಿ ಕಾಣುವ ಪ್ರತಿಯೊಂದನ್ನೂ ಈ ಎರಡರಲ್ಲಿ ಒಂದಕ್ಕೆ ಹಾಕಲೇಬೇಕು. ಯಾವುದಕ್ಕೆ ಹಾಕಬೇಕೆಂದು ತಿಳಿಯದಿದ್ದರೆ ಅದು ವಿನ್ಯಾಸಕರಿಗೆ ಕೇಳಬೇಕಾದ ಪ್ರಶ್ನೆ. ಈ ಕೆಲಸ ಮಾಡುವವರಿಗೆ ನಾನು ಕೊಡಬಹುದಾದ ಬಹು ಉಪಯುಕ್ತ ಸಲಹೆ ಇದು. ಮಾಕಪ್ ಚಿತ್ರದ ಜೊತೆಗೆ ಚಪ್ಪಟೆ ಪಿಡಿಎಫ್ ಅನ್ನು ಮೊದಲ ದಿನವೇ ಕೇಳಿ ಪಡೆಯಿರಿ. ಅದಿಲ್ಲದೆ ವಿವರಣೆ ಬರೆದರೆ ನೀವು ನೆರಳನ್ನೂ ಕಲ್ಲನ್ನೂ ವಿವರಿಸುತ್ತೀರಿ, ಕಾರ್ಡನ್ನಲ್ಲ.

ಎರಡನೆಯ ತೊಡಕು ಅಳತೆಯದು. ಪರದೆಯ ಮೇಲೆ ಕಾರ್ಡು ಅಂಗೈಗಿಂತ ದೊಡ್ಡದಾಗಿ ಕಾಣುತ್ತಿತ್ತು. ವಿಳಾಸದ ಸಾಲು ಸಲೀಸಾಗಿ ಓದಲು ಬರುತ್ತಿತ್ತು. ನಮ್ಮ ಕಾರ್ಡಿನ ನಿಜವಾದ ಅಳತೆ 85 ಮಿ.ಮೀ. ಅಗಲ, 55 ಮಿ.ಮೀ. ಎತ್ತರ. ಪಿಡಿಎಫ್ ಅನ್ನು ಶೇ. 100ರ ಅಳತೆಯಲ್ಲಿ ಬಿಳಿ ಹಾಳೆಯ ಮೇಲೆ ಮುದ್ರಿಸಿ, ಅಂಚು ಕತ್ತರಿಸಿ ಕೈಯಲ್ಲಿ ಹಿಡಿದೆ. ಮುದ್ರಿಸುವಾಗ 'ಹಾಳೆಗೆ ಹೊಂದಿಸು' ಎಂಬ ಆಯ್ಕೆ ಹಾಕಿಕೊಂಡಿದ್ದರೆ ಅಳತೆ ಬದಲಾಗಿಬಿಡುತ್ತದೆ, ಆದ್ದರಿಂದ ಅಳತೆಪಟ್ಟಿ ಇಟ್ಟು ಒಮ್ಮೆ ಖಚಿತ ಮಾಡಿಕೊಳ್ಳಬೇಕು. ಆ ಸಣ್ಣ ತುಂಡಿನ ಮೇಲೆ ಕನ್ನಡದ ವಿಳಾಸದ ಸಾಲು 6 ಪಾಯಿಂಟ್ ಇತ್ತು. 6 ಪಾಯಿಂಟ್ ಎಂದರೆ ಸುಮಾರು 2.1 ಮಿ.ಮೀ.; ಆದರೆ ಅದು ಅಕ್ಷರದ ಎತ್ತರವಲ್ಲ, ಅಕ್ಷರ, ಅದರ ತಲೆಕಟ್ಟು, ಕೆಳಗಿನ ಒತ್ತು ಎಲ್ಲ ಸೇರಿ ಕೂರಬೇಕಾದ ಇಡೀ ಜಾಗ. ಇಂಗ್ಲಿಷ್ ಸಾಲು ಆ ಅಳತೆಯಲ್ಲೂ ಓದಲು ಬರುತ್ತಿತ್ತು. ಕನ್ನಡದಲ್ಲಿ 'ಸ್ತ', 'ಷ್ಟ್ರ' ಮುಂತಾದ ಕಡೆ ಒತ್ತಕ್ಷರದ ಸುಳಿಗಳು ಮುಚ್ಚಿಕೊಂಡು ಕಪ್ಪು ಚುಕ್ಕೆಗಳಂತೆ ಕಾಣುತ್ತಿದ್ದವು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು.

ವಿನ್ಯಾಸಕರು ಕನ್ನಡ ಸಾಲನ್ನು 7.5 ಪಾಯಿಂಟ್‌ಗೆ ಏರಿಸಿ, ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಿದರು. ಅದಕ್ಕೆ ಜಾಗ ಬೇಕಾದ್ದರಿಂದ, ಎರಡು ಫೋನು ಸಂಖ್ಯೆಗಳಲ್ಲಿ ಒಂದನ್ನು ತೆಗೆದೆವು. ಮಾಕಪ್ಪಿನಲ್ಲಿ ಮಾದರಿಗಾಗಿ ಬಳಸಿದ ಹೆಸರು ಬಹಳ ಚಿಕ್ಕದಾಗಿತ್ತು ಎಂಬುದನ್ನೂ ಆಗಲೇ ಗಮನಿಸಿದೆ. ನಮ್ಮಲ್ಲಿ ಅತ್ಯಂತ ಉದ್ದವಾದ ಹೆಸರು ಮತ್ತು ಅತ್ಯಂತ ಉದ್ದವಾದ ಹುದ್ದೆಯನ್ನು ಒಟ್ಟಿಗೆ ಹಾಕಿ ನೋಡಿದಾಗ ಹುದ್ದೆ ಎರಡನೆಯ ಸಾಲಿಗೆ ಇಳಿದು, ಫೋನು ಸಂಖ್ಯೆಯನ್ನು ಕೆಳಕ್ಕೆ ತಳ್ಳಿತು. ಒಂದು ವಿನ್ಯಾಸಕ್ಕೆ ಒಪ್ಪಿಗೆ ಕೇಳುವಾಗ ಅದರ ಕಷ್ಟದ ರೂಪವನ್ನೇ ತೋರಿಸಬೇಕು. ಹೀಗಾಗಿ ಮುಂದಿನ ಮಾಕಪ್ಪಿನಲ್ಲಿ ಉದ್ದನೆಯ ಹೆಸರನ್ನೇ ಬಳಸಲು ಕೇಳಿಕೊಂಡೆ.

ಕಡತದ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎರಡನೆಯ ಸುತ್ತಿನ ಮಾಕಪ್ಪಿನಲ್ಲಿ ನಮ್ಮ ಹುದ್ದೆಯ ಹೆಸರಿನಲ್ಲಿದ್ದ ಒತ್ತಕ್ಷರ ಬಿಡಿಬಿಡಿಯಾಗಿ, ಅಕ್ಷರದ ಪಕ್ಕದಲ್ಲಿ ಅರ್ಧಾಕ್ಷರವಾಗಿ ಬಂದಿತ್ತು. ಪಠ್ಯವನ್ನು ನೇರವಾಗಿ ಫೋಟೋಶಾಪಿನಲ್ಲಿ ಅಂಟಿಸಿದಾಗ, ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆಯನ್ನು ಅದರಲ್ಲಿ ಆಯ್ದುಕೊಂಡಿರದಿದ್ದರೆ ಹೀಗಾಗುತ್ತದೆ. ಕನ್ನಡ ಓದುವವರು ಪ್ರತಿ ಸುತ್ತಿನಲ್ಲೂ ಪ್ರತಿ ಅಕ್ಷರವನ್ನು ಓದಬೇಕು. ಹಿಂದಿನ ಸುತ್ತಿನಲ್ಲಿ ಸರಿಯಿತ್ತು ಎಂದು ಬಿಡುವಂತಿಲ್ಲ. ಕೊನೆಯ ಕಡತದಲ್ಲಿ ಅಕ್ಷರಗಳನ್ನೆಲ್ಲ ರೇಖಾಕೃತಿಗಳಾಗಿ, ಅಂದರೆ ಔಟ್‌ಲೈನ್ ಆಗಿ ಬದಲಿಸಿ ಕೊಟ್ಟರೆ ಮುದ್ರಣಾಲಯದ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೂ ಅವು ಒಡೆಯುವುದಿಲ್ಲ.

ಹಿರಿಯ ಸದಸ್ಯೆ ಕೇಳಿದ 'ಕೈಗೆ ಹೇಗಿರುತ್ತದೆ' ಎಂಬ ಪ್ರಶ್ನೆ ಬಾಕಿಯಿತ್ತು. ನಮ್ಮ ಕಾರ್ಡಿನ ಹಿಂಬದಿ ಪೂರ್ತಿ ಕಡು ಹಸಿರುನೀಲಿ. ಅದರ ನಡುವೆ ಲಾಂಛನ, ಅಂದರೆ ಮುಕ್ಕಾಲು ವೃತ್ತದ ಬಿಳಿಯ ಪಟ್ಟಿ ಮತ್ತು ಅದರ ತೆರೆದ ಭಾಗದಲ್ಲಿ ಒಂದು ಕಿತ್ತಳೆ ಚುಕ್ಕೆ. ಮಾಕಪ್ಪಿನಲ್ಲಿ ಈ ವೃತ್ತ ಸ್ವಲ್ಪ ಉಬ್ಬಿದಂತೆ, ಒಂದು ಬದಿಗೆ ನೆರಳು ಬಿದ್ದಂತೆ ಕಾಣುತ್ತಿತ್ತು. ಇದು ನಿಜವೇ, ಚಿತ್ರದ ಪರಿಣಾಮವೇ ಎಂದು ಕೇಳಿದಾಗ, ಇದು ನಿಜ, ಎಂಬಾಸಿಂಗ್ ಮಾಡಿಸುವ ಉದ್ದೇಶವಿದೆ ಎಂಬ ಉತ್ತರ ಬಂದಿತು. ಅದನ್ನು ಬರೆದು ಕಳುಹಿಸಿದಾಗ ಹಿರಿಯ ಸದಸ್ಯೆಗೆ ಬಹಳ ಸಂತೋಷವಾಯಿತು. ಜೊತೆಗೆ ಅವರು ಇನ್ನೊಂದು ಪ್ರಶ್ನೆ ಕೇಳಿದರು: "ಹಿಂದೆ ಉಬ್ಬಿದರೆ ಮುಂದೆ ತಗ್ಗಾಗುವುದಿಲ್ಲವೇ? ಅಲ್ಲಿ ಏನಿದೆ?"

ಮಾಕಪ್ ನೋಡಿದ ನಮಗೆ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ, ಏಕೆಂದರೆ ಚಿತ್ರದಲ್ಲಿ ಮುಂಬದಿ ಒಂದು ಕಾರ್ಡು, ಹಿಂಬದಿ ಇನ್ನೊಂದು ಕಾರ್ಡು. ಎರಡೂ ತಮ್ಮಷ್ಟಕ್ಕೆ ನಿರ್ದುಷ್ಟ. ಒಂದೇ ಹಾಳೆಯನ್ನು ಅಚ್ಚಿನಲ್ಲಿ ಒತ್ತಿದರೆ ಒಂದು ಬದಿಯ ಉಬ್ಬು ಇನ್ನೊಂದು ಬದಿಯಲ್ಲಿ ತಗ್ಗಾಗಿ ಕಾಣಲೇಬೇಕು. ನಮ್ಮ ಕಾರ್ಡಿನಲ್ಲಿ ಆ ತಗ್ಗು ಮುಂಬದಿಯ ಹೆಸರು ಮತ್ತು ಹುದ್ದೆಯ ಸಾಲುಗಳ ಮೇಲೆ ಬೀಳುತ್ತಿತ್ತು. ಎರಡು ಹಾಳೆ ಅಂಟಿಸಿದರೆ ತಗ್ಗು ಒಳಗೇ ಉಳಿಯುತ್ತದೆ, ಆದರೆ ವೆಚ್ಚದ ಕಾರಣದಿಂದ ಆ ದಾರಿಯನ್ನು ಆಗಲೇ ಬಿಟ್ಟಿದ್ದೆವು. ಎಂಬಾಸಿಂಗ್ ಬಿಡಲು ನನಗೆ ಮನಸ್ಸಿರಲಿಲ್ಲ. ಆ ಕಾರ್ಡನ್ನು ಬೆರಳಿನಿಂದ ಗುರುತಿಸಬಲ್ಲವರೊಬ್ಬರು ನಮ್ಮ ಮಂಡಳಿಯಲ್ಲೇ ಇರುವಾಗ ಅದು ಅಲಂಕಾರ ಮಾತ್ರವಾಗಿರಲಿಲ್ಲ.

ಪರಿಹಾರ ವಿನ್ಯಾಸಕರಿಂದಲೇ ಬಂದಿತು. ಮುಂಬದಿಯಲ್ಲಿ ಬರಹವೆಲ್ಲ ಎಡಕ್ಕೆ ಹೊಂದಿಕೊಂಡಿದ್ದು, ಬಲ ಅಂಚಿನ ಕಡೆ ಖಾಲಿ ಜಾಗವಿತ್ತು. ಕಾರ್ಡನ್ನು ಪುಸ್ತಕದ ಪುಟದಂತೆ ತಿರುಗಿಸಿದಾಗ ಮುಂಬದಿಯ ಬಲ ಹಿಂಬದಿಯ ಎಡವಾಗುತ್ತದೆ. ಆದ್ದರಿಂದ ಹಿಂಬದಿಯ ಲಾಂಛನವನ್ನು ನಡುವಿನಿಂದ ಎಡಕ್ಕೆ ಸರಿಸಿ, ಅದರ ಕೇಂದ್ರ ಎಡ ಅಂಚಿನಿಂದ 15 ಮಿ.ಮೀ. ದೂರದಲ್ಲಿ ಬರುವಂತೆ ಇಟ್ಟರು. ವೃತ್ತದ ವ್ಯಾಸ 16 ಮಿ.ಮೀ., ಹಾಗಾಗಿ ತಗ್ಗು ಮುಂಬದಿಯ ಖಾಲಿ ಜಾಗದೊಳಗೇ ಮುಗಿಯುತ್ತದೆ. ನಡುವಿನಲ್ಲಿದ್ದಾಗಿನದಕ್ಕಿಂತ ಈಗ ಅದು ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಂಬದಿಯಲ್ಲಿ ಬಣ್ಣವಿಲ್ಲದೆ ಮೂಡುವ ಆ ತಗ್ಗಿನ ವೃತ್ತ ಯಾವ ಮಾಕಪ್ಪಿನಲ್ಲೂ ಇರಲಿಲ್ಲ. ವಿವರಣೆಯಲ್ಲಿ ಮಾತ್ರ ಇತ್ತು.

ಬಣ್ಣದ ವಿಷಯದಲ್ಲಿ ನಾವು ಅತಿ ಹೆಚ್ಚು ಕಾದೆವು. ಕಾರ್ಡು ಮತ್ತು ಲೆಟರ್‌ಹೆಡ್ಡಿನ ಮಾಕಪ್ಪುಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಹಸಿರುನೀಲಿ ಎರಡರಲ್ಲೂ ಬೇರೆಬೇರೆಯಾಗಿ ಕಾಣುತ್ತಿತ್ತು: ಕಿಟಕಿಯ ನೆರಳಿನ ಪದರ ಲೆಟರ್‌ಹೆಡ್ಡಿನ ಬಣ್ಣವನ್ನು ಗಾಢಗೊಳಿಸಿತ್ತು, ಬಿಸಿಲಿನ ಪದರ ಹಾಳೆಯ ಬಿಳುಪನ್ನು ಕೆನೆಬಣ್ಣವಾಗಿಸಿತ್ತು. ಮಂಡಳಿಯ ಒಬ್ಬರು ಕೆನೆಬಣ್ಣದ ಹಾಳೆಯೇ ಬೇಕೆಂದೂ ಬರೆದಿದ್ದರು. ಹಾಳೆ ಬಿಳಿಯದೇ ಎಂದು ವಿವರಣೆಯಲ್ಲಿ ಸ್ಪಷ್ಟಪಡಿಸಬೇಕಾಯಿತು. ಮಾಕಪ್ ಚಿತ್ರದಿಂದ ಬಣ್ಣವನ್ನು ಎಂದಿಗೂ ಹೆಸರಿಸಬಾರದು. 'ನವಿಲು ಬಣ್ಣ', 'ಸಮುದ್ರದ ಬಣ್ಣ' ಎಂದು ಬರೆದರೆ ಪ್ರತಿಯೊಬ್ಬರ ಮನಸ್ಸಿನಲ್ಲೂ ಬೇರೆ ಬಣ್ಣ ಮೂಡುತ್ತದೆ, ಅವರವರ ಪರದೆ ಅದನ್ನು ಇನ್ನಷ್ಟು ಬದಲಿಸುತ್ತದೆ.

ಮುದ್ರಣಾಲಯಕ್ಕೆ ಹೋದಾಗ ಅಲ್ಲಿನ ಹಿರಿಯರು ಶಾಯಿಯ ಬಣ್ಣಗಳನ್ನು ಸಂಖ್ಯೆಯೊಂದಿಗೆ ತೋರಿಸುವ ಪ್ಯಾಂಟೋನ್ ಪುಸ್ತಿಕೆಗಳೆರಡನ್ನು ನನ್ನ ಮುಂದೆ ಬಿಚ್ಚಿದರು. ಒಂದೇ ಸಂಖ್ಯೆಯ ಶಾಯಿ, ಆದರೆ ಒಂದು ನುಣುಪು ಲೇಪನವಿರುವ ಕಾಗದದ ಮೇಲೆ, ಇನ್ನೊಂದು ಲೇಪನವಿಲ್ಲದ ಕಾಗದದ ಮೇಲೆ. ಸಂಖ್ಯೆಯ ಕೊನೆಯಲ್ಲಿ ಮೊದಲನೆಯದಕ್ಕೆ 'ಸಿ', ಎರಡನೆಯದಕ್ಕೆ 'ಯು' ಎಂಬ ಅಕ್ಷರವಿರುತ್ತದೆ. ನಮ್ಮ ಹಸಿರುನೀಲಿ ಲೇಪನದ ಮೇಲೆ ಆಳವಾಗಿ ಹೊಳೆಯುತ್ತಿತ್ತು, ಲೇಪನವಿಲ್ಲದ ಕಡೆ ಕಾಗದ ಶಾಯಿಯನ್ನು ಹೀರಿಕೊಂಡು ಮಂಕಾಗಿತ್ತು. ವಿನ್ಯಾಸಕರ ಯೋಜನೆಯಲ್ಲಿ ಕಾರ್ಡು ಲೇಪನದ ಕಾಗದದಲ್ಲಿ, ಮೇಲೆ ಮ್ಯಾಟ್ ಲ್ಯಾಮಿನೇಷನ್. ಲೆಟರ್‌ಹೆಡ್ಡು ಬರೆಯಲು, ಮುದ್ರೆ ಒತ್ತಲು ಆಗುವಂತೆ ಲೇಪನವಿಲ್ಲದ ಕಾಗದದಲ್ಲಿ. ವಿನ್ಯಾಸದಲ್ಲಿ ಒಂದೇ ಆಗಿದ್ದ ಬಣ್ಣ, ಪತ್ರದ ಜೊತೆ ಕಾರ್ಡನ್ನು ಇಟ್ಟು ಕೊಟ್ಟಾಗ ಎರಡಾಗಿ ಕಾಣುವುದು ಖಚಿತವಾಗಿತ್ತು. ಹೊಸ ಗುರುತು ತನ್ನನ್ನು ತಾನು ಮೊದಲ ಬಾರಿ ಪರಿಚಯಿಸಿಕೊಳ್ಳುವ ಕಾಗದಗಳಲ್ಲೇ ಹಾಗಾಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಚರ್ಚೆಯ ನಂತರ ಎರಡನ್ನೂ ಲೇಪನವಿಲ್ಲದ ಬಿಳಿ ಕಾಗದದಲ್ಲೇ ಮಾಡಿಸಲು ತೀರ್ಮಾನಿಸಿದೆವು: ಕಾರ್ಡಿಗೆ 350 ಜಿ.ಎಸ್.ಎಂ., ಅಂದರೆ ಚದರ ಮೀಟರಿಗೆ 350 ಗ್ರಾಂ ತೂಗುವ ಕಾಗದ, ಲೆಟರ್‌ಹೆಡ್ಡಿಗೆ 100 ಜಿ.ಎಸ್.ಎಂ.

ಅದೇ ಭೇಟಿಯಲ್ಲಿ ನಾಲ್ಕು ಬಣ್ಣದ ಮುದ್ರಣವನ್ನು ಬಿಟ್ಟು, ಮೊದಲೇ ಬೆರೆಸಿದ ಎರಡು ಶಾಯಿಗಳಲ್ಲಿ ಮುದ್ರಿಸುವ ತೀರ್ಮಾನವೂ ಆಯಿತು. ನಾಲ್ಕು ಬಣ್ಣದ ಪದ್ಧತಿಯಲ್ಲಿ ನಮ್ಮ ಹಸಿರುನೀಲಿ ಬರುವುದು ಸೂಕ್ಷ್ಮ ಚುಕ್ಕೆಗಳ ಬೆರಕೆಯಿಂದ. ದೊಡ್ಡ ಆಕೃತಿಯಲ್ಲಿ ಅದು ಗೊತ್ತಾಗುವುದಿಲ್ಲ, ಆದರೆ ತೆಳುವಾದ ಗೆರೆ ಮತ್ತು ವಿಳಾಸದ ಸಣ್ಣ ಅಕ್ಷರಗಳ ಅಂಚು ಚುಕ್ಕೆಚುಕ್ಕೆಯಾಗಿ ಒಡೆದಂತೆ ಕಾಣುತ್ತದೆ. ಮುದ್ರಣಾಲಯದವರು ಭೂತಗನ್ನಡಿ ಕೊಟ್ಟು ಬೇರೊಂದು ಹಾಳೆಯಲ್ಲಿ ಅದನ್ನು ತೋರಿಸಿದರು. ಬೆರೆಸಿದ ಶಾಯಿಯಲ್ಲಿ ಗೆರೆ ಒಂದೇ ಪದರವಾಗಿ, ಕತ್ತರಿಸಿದಷ್ಟು ಚೂಪಾಗಿ ಬರುತ್ತದೆ. ನಮಗೆ ಎರಡೇ ಬಣ್ಣ ಬೇಕಾಗಿದ್ದರಿಂದ ನಾಲ್ಕರ ಬದಲು ಎರಡು ಪ್ಲೇಟುಗಳು ಸಾಕಾದವು, ಶಾಯಿ ಬೆರೆಸುವ ಹೆಚ್ಚುವರಿ ವೆಚ್ಚ ಅಲ್ಲಿಯೇ ಬಹುಮಟ್ಟಿಗೆ ಸರಿಹೋಯಿತು.

ಲೆಟರ್‌ಹೆಡ್ಡಿನ ವಿವರಣೆಗೆ ಕಾರ್ಡಿನದಕ್ಕಿಂತ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದು ಮುಗಿದ ವಸ್ತುವಲ್ಲ. ಅದರ ಮೇಲೆ ಇನ್ನೊಮ್ಮೆ ಮುದ್ರಣವಾಗುತ್ತದೆ, ಅದು ಮಡಿಕೆಯಾಗುತ್ತದೆ, ಕಡತಕ್ಕೆ ಸೇರುತ್ತದೆ. ಮಾಕಪ್ಪಿನಲ್ಲಿ ಹಾಳೆ ಬಹುತೇಕ ಖಾಲಿಯಿತ್ತು, ಮೇಲೆ ಮೂರು ಸಾಲು ಅರ್ಥವಿಲ್ಲದ ಮಾದರಿ ಪಠ್ಯ. ಖಾಲಿ ಜಾಗವೇ ಅದರ ಅಂದವಾಗಿತ್ತು. ನಾನು ನಮ್ಮ ಕಚೇರಿಯಿಂದ ಹಿಂದೆ ಹೋಗಿದ್ದ, ಪುಟ ತುಂಬ ಬರೆದ ಒಂದು ಪತ್ರವನ್ನು ಹೆಸರುಗಳನ್ನು ಅಳಿಸಿ ಕೊಟ್ಟು, ಅದನ್ನೇ ಹಾಕಿ ತೋರಿಸಲು ಕೇಳಿದೆ. ಹಾಕಿದಾಗ ಹಾಳೆಯ ನಡುವೆ ತಿಳಿಬಣ್ಣದಲ್ಲಿದ್ದ ದೊಡ್ಡ ಲಾಂಛನ ಅಕ್ಷರಗಳ ಹಿಂದೆ ಗೊಂದಲವಾಯಿತು. ಆ ಹಾಳೆಯನ್ನು ಜೆರಾಕ್ಸ್ ಮಾಡಿದರೆ ತಿಳಿಬಣ್ಣ ಬೂದು ಕಲೆಯಾಗಿ, ಅದರ ಮೇಲಿನ ಸಾಲುಗಳು ಮಸುಕಾದವು. ಅದನ್ನು ತೆಗೆಸಿದೆವು. ಖಾಲಿ ಹಾಳೆಯ ಮಾಕಪ್ ನೋಡಿ ಯಾರೂ ಲೆಟರ್‌ಹೆಡ್ಡನ್ನು ಒಪ್ಪಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದೇ ಚಿತ್ರದಲ್ಲಿ ಲಾಂಛನದ ಮೇಲೆ ಸಣ್ಣ ಹೊಳಪಿತ್ತು, ಶಾಯಿ ಕಾಗದದ ಮೇಲೆ ಎದ್ದು ನಿಂತಂತೆ. ವಿವರಣೆಯಲ್ಲಿ ಅದನ್ನು ಯಾವ ಭಾಗಕ್ಕೆ ಹಾಕಬೇಕೆಂದು ಕೇಳಿದಾಗ, ಮಂಡಳಿ ಬಯಸಿದರೆ ಉಬ್ಬು ಶಾಯಿಯಲ್ಲಿ ಮಾಡಿಸಬಹುದು ಎಂದು ವಿನ್ಯಾಸಕರು ಹೇಳಿದರು. ಮುದ್ರಣಾಲಯದವರು ಕೂಡಲೇ ತಡೆದರು. ಹಸಿಯಿರುವ ಶಾಯಿಯ ಮೇಲೆ ರಾಳದ ಪುಡಿ ಹಾಕಿ, ಬಿಸಿ ಮಾಡಿ ಉಬ್ಬಿಸುವ ಆ ಪದ್ಧತಿಯ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಹಾಕಿದರೆ, ಟೋನರ್ ಅಂಟಿಸುವ ಬಿಸಿ ರೋಲರಿನಲ್ಲಿ ರಾಳ ಮತ್ತೆ ಕರಗಿ, ಹಾಳೆ ಕೆಡುವುದಲ್ಲದೆ ಯಂತ್ರಕ್ಕೂ ಮೆತ್ತಿಕೊಳ್ಳುತ್ತದೆ. ನಮ್ಮ ಕಚೇರಿಯ ಪತ್ರಗಳೆಲ್ಲ ಲೇಸರ್ ಪ್ರಿಂಟರಿನಲ್ಲೇ ಮುದ್ರಣವಾಗುವುದು. ಆದ್ದರಿಂದ ಲೆಟರ್‌ಹೆಡ್ಡಿನಲ್ಲಿ ಚಪ್ಪಟೆ ಶಾಯಿಯೇ ಇರಲಿ, ಅದೂ ಲೇಸರ್ ಪ್ರಿಂಟರಿನ ಶಾಖವನ್ನು ತಾಳುವಂತಹದಾಗಿರಲಿ ಎಂದು ಕೆಲಸದ ಆದೇಶದಲ್ಲೇ ಬರೆಸಿದೆವು.

ಹಾಳೆಯ ಕೆಳಗೆ 12 ಮಿ.ಮೀ. ಎತ್ತರದ ಹಸಿರುನೀಲಿ ಪಟ್ಟಿ ಅಂಚಿನವರೆಗೂ ಹರಿದಿತ್ತು. ಮುದ್ರಣಾಲಯದಲ್ಲಿ ಇದು ಸಮಸ್ಯೆಯಲ್ಲ: ದೊಡ್ಡ ಹಾಳೆಯ ಮೇಲೆ ಬಣ್ಣವನ್ನು ಅಂಚಿನಾಚೆ 3 ಮಿ.ಮೀ. ವಿಸ್ತರಿಸಿ ಮುದ್ರಿಸಿ, ಬಳಿಕ ಕತ್ತರಿಸುತ್ತಾರೆ. ಆ ಹೆಚ್ಚುವರಿ ಭಾಗವನ್ನೇ ಬ್ಲೀಡ್ ಎನ್ನುವುದು. ಆದರೆ ನಮ್ಮ ಅರ್ಧಕ್ಕಿಂತ ಹೆಚ್ಚು ಪತ್ರಗಳು ಕಡತವಾಗಿಯೇ ಹೋಗುತ್ತವೆ. ಪಡೆದವರು ಅವನ್ನು ತಮ್ಮ ಪ್ರಿಂಟರಿನಲ್ಲಿ ಮುದ್ರಿಸಿಕೊಳ್ಳುತ್ತಾರೆ. ಕಚೇರಿಯ ಪ್ರಿಂಟರುಗಳು ಸಾಮಾನ್ಯವಾಗಿ ಹಾಳೆಯ ಅಂಚಿನವರೆಗೆ ಮುದ್ರಿಸುವುದಿಲ್ಲ, ಸುತ್ತ ಕೆಲವು ಮಿಲಿಮೀಟರು ಬಿಳಿಯಾಗಿ ಉಳಿಯುತ್ತದೆ. ಆಗ ಪಟ್ಟಿಯ ಕೆಳಗೆ ಬಿಳಿ ಗೆರೆಯೊಂದು ಉಳಿದು, ವಿನ್ಯಾಸ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಪಟ್ಟಿಯ ಜಾಗದಲ್ಲಿ ಒಂದು ತೆಳು ಗೆರೆ, ಅದರ ಕೆಳಗೆ ಒಂದು ಸಾಲಿನ ವಿಳಾಸ, ಇಡೀ ಗುಂಪು ಕೆಳ ಅಂಚಿನಿಂದ 10 ಮಿ.ಮೀ. ಮೇಲೆ ಎಂದು ಬದಲಿಸಿದ ಮೇಲೆ, ಮುದ್ರಿತ ಹಾಳೆ ಮತ್ತು ಕಡತದ ಪತ್ರ ಒಂದೇ ರೂಪದಲ್ಲಿ ಉಳಿದವು.

ಇಷ್ಟೆಲ್ಲ ಆದ ಮೇಲೆ ಮಂಡಳಿಗೆ ಹೋದ ಅಂತಿಮ ವಿವರಣೆಯಲ್ಲಿ ಕಾರ್ಡಿನ ಭಾಗ ಹೀಗಿತ್ತು. ಬೇಕಾದವರು ಮಾದರಿಯಾಗಿ ಬಳಸಿಕೊಳ್ಳಬಹುದು.

"ವಿಸಿಟಿಂಗ್ ಕಾರ್ಡು, ಅಡ್ಡಲಾಗಿ, 85 × 55 ಮಿ.ಮೀ., ಲೇಪನವಿಲ್ಲದ ಬಿಳಿ ಕಾಗದ, 350 ಜಿ.ಎಸ್.ಎಂ. ಮುಂಬದಿ: ಹಿನ್ನೆಲೆ ಬಿಳಿ. ಮೇಲೆ ಎಡಕ್ಕೆ ಸಂಸ್ಥೆಯ ಹೆಸರು ಹಸಿರುನೀಲಿ ಶಾಯಿಯಲ್ಲಿ, ಕನ್ನಡ ಮೊದಲು, ಅದರ ಕೆಳಗೆ ಇಂಗ್ಲಿಷ್. ಕೆಳಭಾಗದಲ್ಲಿ ಎಡಕ್ಕೆ ವ್ಯಕ್ತಿಯ ಹೆಸರು, ಹುದ್ದೆ, ಒಂದು ಫೋನು ಸಂಖ್ಯೆ, ಇಮೇಲ್, ವಿಳಾಸ. ಎಲ್ಲ ಬರಹವೂ ಅಂಚಿನಿಂದ ಕನಿಷ್ಠ 5 ಮಿ.ಮೀ. ಒಳಗಿದೆ. ಬಲಭಾಗದಲ್ಲಿ ಮುದ್ರಣವಿಲ್ಲ, ಹಿಂಬದಿಯ ಉಬ್ಬಿನ ತಗ್ಗು ಅಲ್ಲಿ ಬೆರಳಿಗೆ ಸಿಗುತ್ತದೆ. ಹಿಂಬದಿ: ಅಂಚಿನವರೆಗೆ ಹಸಿರುನೀಲಿ. ಎಡಕ್ಕೆ 16 ಮಿ.ಮೀ. ವ್ಯಾಸದ ಲಾಂಛನ, ವೃತ್ತ ಕಾಗದದ ಬಿಳುಪಿನಲ್ಲಿ ಮತ್ತು ಉಬ್ಬಿದಂತೆ, ಚುಕ್ಕೆ ಕಿತ್ತಳೆ ಶಾಯಿಯಲ್ಲಿ ಮತ್ತು ಚಪ್ಪಟೆಯಾಗಿ. ಬೇರೆ ಬರಹವಿಲ್ಲ. ಚಿತ್ರದಲ್ಲಿ ಕಾಣುವ ಕಲ್ಲಿನ ಹಿನ್ನೆಲೆ, ನೆರಳು, ಕಟ್ಟಿನ ದಪ್ಪ ಮತ್ತು ಅಂಚಿನ ಬಣ್ಣ ಈ ಕಾರ್ಡಿನ ಭಾಗವಲ್ಲ. ಬಣ್ಣವನ್ನು ಚಿತ್ರದಿಂದಲ್ಲ, ಲಗತ್ತಿಸಿದ ಶಾಯಿಯ ತುಣುಕಿನಿಂದ ನೋಡುವುದು."

ಹಿರಿಯ ಸದಸ್ಯೆ ಇದನ್ನು ಕೇಳಿಸಿಕೊಂಡು ಅಂದೇ ಒಪ್ಪಿಗೆ ಕಳುಹಿಸಿದರು. ನನಗೆ ಅಚ್ಚರಿಯಾದದ್ದು, ಚಿತ್ರ ನೋಡಿ ಮೊದಲೇ ಒಪ್ಪಿದ್ದ ಇಬ್ಬರು ಈ ವಿವರಣೆ ಓದಿದ ಮೇಲೆ ಹೊಸ ಪ್ರಶ್ನೆ ಕೇಳಿದರು. ಚುಕ್ಕೆ ಏಕೆ ಉಬ್ಬಿಲ್ಲ ಎಂಬುದು ಅವುಗಳಲ್ಲೊಂದು. ಅಷ್ಟು ಚಿಕ್ಕ ಆಕಾರವನ್ನು ವೃತ್ತದ ಪಕ್ಕದಲ್ಲೇ ಒತ್ತಿದರೆ ನಡುವಿನ ಕಾಗದ ಎರಡೂ ಕಡೆ ಎಳೆದು ಉಬ್ಬಿನ ಅಂಚು ಮಬ್ಬಾಗುತ್ತದೆ ಎಂಬ ಮುದ್ರಣಾಲಯದ ಉತ್ತರವನ್ನು ಅವರಿಗೆ ತಿಳಿಸಿದೆ.

ಪ್ರೂಫಿನ ವಿಷಯದಲ್ಲಿ ಖರ್ಚು ಉಳಿಸಲು ಹೋಗಬೇಡಿ. ನಾವು ನಿಜವಾದ ಕಾಗದದ ಮೇಲೆ, ನಿಜವಾದ ಶಾಯಿಯಲ್ಲಿ ಒಂದು ಮಾದರಿ ತೆಗೆಸಿದೆವು. ಯಂತ್ರ ಸಿದ್ಧಪಡಿಸುವ ಶುಲ್ಕ ಪೂರ್ತಿ ಕೊಡಬೇಕಾಗಿದ್ದರಿಂದ ಬೆಲೆ ಹೆಚ್ಚೆನಿಸಿತು. ಆದರೆ ಆ ಮಾದರಿಯಲ್ಲೇ ಹಿಂಬದಿಯ ದಟ್ಟ ಹಸಿರುನೀಲಿ ಬೇಗ ಒಣಗದೆ, ಮೇಲೆ ಇಟ್ಟ ಕಾರ್ಡಿನ ಬಿಳಿ ಬದಿಗೆ ಮೆತ್ತಿಕೊಳ್ಳುತ್ತದೆ ಎಂಬುದು ಗೊತ್ತಾಯಿತು. ಒಟ್ಟು ಮುದ್ರಣದಲ್ಲಿ ಹಾಗಾಗಿದ್ದರೆ ಎಲ್ಲವನ್ನೂ ಮತ್ತೆ ಮಾಡಿಸಬೇಕಾಗುತ್ತಿತ್ತು. ಮುದ್ರಣಾಲಯದವರು ಹಾಳೆಗಳನ್ನು ಸಣ್ಣ ಸಣ್ಣ ಅಟ್ಟಿಗಳಾಗಿ ಇಟ್ಟು, ಪೂರ್ತಿ ಒಣಗಿದ ಮೇಲೆಯೇ ಎಂಬಾಸಿಂಗ್ ಮತ್ತು ಕಟಿಂಗ್‌ಗೆ ತೆಗೆದುಕೊಳ್ಳುವುದಾಗಿ ಹೇಳಿದರು. ಈ ಕಾಯುವಿಕೆ ನಮ್ಮ ವೇಳಾಪಟ್ಟಿಯಲ್ಲಿ ಇರಲಿಲ್ಲ. ಸಮಾರಂಭದ ದಿನ ನಿಗದಿ ಮಾಡುವವರು ಅದನ್ನು ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆಗಳು ಬಂದ ದಿನ ವಿವರಣೆಯನ್ನೇ ಕೈಯಲ್ಲಿ ಹಿಡಿದು ಪರಿಶೀಲಿಸಿದೆ. ಒಂದೇ ಪೆಟ್ಟಿಗೆಯ ಮೇಲಿನ ಕಾರ್ಡನ್ನು ನೋಡಿದರೆ ಸಾಲದು. ಪ್ರತಿ ಪೆಟ್ಟಿಗೆಯ ಮೇಲೆ, ನಡುವೆ, ಕೆಳಗೆ ಒಂದೊಂದನ್ನು ತೆಗೆದು, ಅಂಚಿನಿಂದ ಬರಹದ ದೂರವನ್ನು ಅಳತೆಪಟ್ಟಿಯಲ್ಲಿ ನೋಡಿದೆ, ಉಬ್ಬು ಮುದ್ರಿತ ವೃತ್ತದ ಮೇಲೇ ಸರಿಯಾಗಿ ಕುಳಿತಿದೆಯೇ ಎಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಕತ್ತರಿಸುವಾಗ ಒಂದು ಮಿಲಿಮೀಟರಿನವರೆಗೆ ಹೆಚ್ಚುಕಡಿಮೆಯಾಗುವುದು ಸಹಜ. ನಮ್ಮ ಬರಹ ಅಂಚಿನಿಂದ ಸಾಕಷ್ಟು ಒಳಗಿದ್ದುದರಿಂದ ಅದು ಕಣ್ಣಿಗೆ ಬೀಳಲಿಲ್ಲ. ಲೆಟರ್‌ಹೆಡ್ಡಿನ ಕೆಲವು ಹಾಳೆಗಳನ್ನು ನಮ್ಮ ಲೇಸರ್ ಪ್ರಿಂಟರಿನಲ್ಲಿ ಹಾಯಿಸಿ, ಬಿಸಿಯಿರುವಾಗಲೇ ಲಾಂಛನದ ಮೇಲೆ ಬಿಳಿ ಬಟ್ಟೆಯಿಂದ ಒರೆಸಿದೆ, ಬಣ್ಣ ಬಿಡಲಿಲ್ಲ. ಒಂದು ಹಾಳೆಯನ್ನು ಮೂರು ಮಡಿಕೆ ಮಾಡಿದಾಗ, ಎ4 ಹಾಳೆಯ 297 ಮಿ.ಮೀ. ಎತ್ತರದಲ್ಲಿ ಮೊದಲ ಮಡಿಕೆ 99 ಮಿ.ಮೀ.ಗೆ ಬಂದು, ಲಾಂಛನವನ್ನೂ ಸಂಸ್ಥೆಯ ಹೆಸರನ್ನೂ ಸೀಳದೆ ಕೆಳಗೆ ಹಾದುಹೋಯಿತು.

ಹಿರಿಯ ಸದಸ್ಯೆಗೆ ಅವರ ಕಾರ್ಡುಗಳ ಪೆಟ್ಟಿಗೆಯನ್ನು ತಲುಪಿಸಿದಾಗ, ಅವರು ಒಂದನ್ನು ತೆಗೆದು ಹೆಬ್ಬೆರಳಿನಿಂದ ವೃತ್ತವನ್ನು ಸವರಿ, ಕಾರ್ಡನ್ನು ತಿರುಗಿಸಿ ಹಿಡಿದುಕೊಂಡು, "ಬರೆದಂತೆಯೇ ಇದೆ" ಎಂದರು. ಈಗ ಅಂತಿಮ ವಿವರಣೆ, ಚಪ್ಪಟೆ ಪಿಡಿಎಫ್, ಶಾಯಿಯ ಸಂಖ್ಯೆಗಳು ಮತ್ತು ಸಹಿ ಮಾಡಿದ ಮಾದರಿ ಕಾರ್ಡು ಒಂದೇ ಕಡತದಲ್ಲಿವೆ. ಹೊಸದಾಗಿ ಸೇರುವವರಿಗೆ ಕಾರ್ಡು ಮಾಡಿಸಬೇಕಾದಾಗ ಮಾಕಪ್ ಚಿತ್ರವನ್ನಲ್ಲ, ಆ ಕಡತವನ್ನು ಮುದ್ರಣಾಲಯಕ್ಕೆ ಕಳುಹಿಸಬೇಕೆಂದು ಕಚೇರಿಯವರಿಗೆ ತಿಳಿಸಿದ್ದೇನೆ.